ಎಂಬತ್ತು ಪಟ್ಟಿನ ಅಂತರ ರಸ್ತೆಗೆ ಇಳಿದಾಗ

ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇರುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ನಾವು ತಿಂಗಳು ತಿಂಗಳು ನೋಡುವ ಅದೇ ಯೂನಿಟ್. ಈಗ ಸ್ಕೂಟರುಗಳಲ್ಲಿ ಕೂರಿಸುವ ಲಿಥಿಯಂ ಬ್ಯಾಟರಿಯನ್ನು ಅದರ ಪೆಟ್ಟಿಗೆ, ವೈರು, ಸರ್ಕ್ಯೂಟುಗಳ ಸಮೇತ ತೂಗಿದರೆ ಕಿಲೋಗೆ ಸಿಗುವುದು 0.15 ಯೂನಿಟ್ ಆಸುಪಾಸು. ಭಾಗಿಸಿ ನೋಡಿ, ಎಂಬತ್ತು ಪಟ್ಟಿನ ಅಂತರ. ಎಲೆಕ್ಟ್ರಿಕ್ ಗಾಡಿಗಳೆಂದರೆ ಮೂಗು ಮುರಿಯುವವರು ಈ ಎಂಬತ್ತನ್ನೇ ಮುಂದಿಟ್ಟು ವಾದ ಮುಗಿಸುತ್ತಾರೆ. ಅವರ ಅಂಕಿ ಸುಳ್ಳಲ್ಲ. ಹಾಗಿದ್ದೂ ಸಂಜೆ ಆರೂವರೆಗೆ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಿಂತರೆ, ಮೈಸೂರು ರಸ್ತೆಯಿಂದಲೂ ರಿಂಗ್ ರೋಡಿನಿಂದಲೂ ಬಂದು ಸೇರುವ ಸ್ಕೂಟರುಗಳಲ್ಲಿ ಹಸಿರು ನಂಬರ್ ಪ್ಲೇಟಿನವು ಪೆಟ್ರೋಲಿನವುಗಳ ಪಕ್ಕದಲ್ಲೇ ನಿಂತಿರುತ್ತವೆ, ಸಿಗ್ನಲ್ ಬಿಟ್ಟೊಡನೆ ಮುಂದೆಯೂ ಹೋಗುತ್ತವೆ. ಎಂಬತ್ತು ಪಟ್ಟು ಹಿಂದಿರುವ ಸಾಮಾನು ಹೊತ್ತ ಗಾಡಿ ಎಂಬತ್ತು ಪಟ್ಟು ಭಾರವಾಗಿಲ್ಲ, ಎಂಬತ್ತು ಪಟ್ಟು ಬೇಗ ಸುಸ್ತಾಗುವುದೂ ಇಲ್ಲ. ಹಾಗಾದರೆ ಆ ಅಂತರ ಎಲ್ಲಿ ಕರಗಿತು ಎಂಬುದು ಕೇಳಬೇಕಾದ ಪ್ರಶ್ನೆ. ಪೂರ್ತಿ ಕರಗಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಮೊದಲು ಪೆಟ್ರೋಲಿನ ಹಿರಿಮೆ ಎಲ್ಲಿಂದ ಬಂತೆಂದು ನೋಡೋಣ. ಪೆಟ್ರೋಲ್ ಒಂಟಿಯಾಗಿ ಉರಿಯುವುದಿಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 3.4 ಕಿಲೋ ಆಮ್ಲಜನಕ ಬೇಕು. ಅದನ್ನು ಗಾಡಿ ಹೊರುವುದಿಲ್ಲ, ದಾರಿಯುದ್ದಕ್ಕೂ ಗಾಳಿಯಿಂದ ಪುಕ್ಕಟೆಯಾಗಿ ಎಳೆದುಕೊಳ್ಳುತ್ತದೆ. ಯಾತ್ರೆಗೆ ಹೊರಟ ಇಬ್ಬರಲ್ಲಿ ಒಬ್ಬ ಅಕ್ಕಿಯನ್ನಷ್ಟೇ ಗಂಟು ಕಟ್ಟಿಕೊಂಡು, ನೀರಿಗೆ ಊರೂರಿನ ಬಾವಿಯನ್ನು ನಂಬುತ್ತಾನೆ. ಇನ್ನೊಬ್ಬ ಅಕ್ಕಿಯ ಜೊತೆ ನೀರಿನ ಕೊಡವನ್ನೂ ತಲೆಯ ಮೇಲೆ ಹೊತ್ತಿದ್ದಾನೆ. ಬ್ಯಾಟರಿ ಈ ಎರಡನೆಯವನು. ರಾಸಾಯನಿಕ ಕ್ರಿಯೆಗೆ ಬೇಕಾದ ಎರಡೂ ಕಡೆಯ ಸಾಮಗ್ರಿ ಅದರ ಡಬ್ಬಿಯೊಳಗೇ ಇದೆ, ಕ್ರಿಯೆ ಮುಗಿದ ಮೇಲೆ ಹೊಗೆಯಾಗಿ ಹೊರಹೋಗುವುದೂ ಇಲ್ಲ. ಪೆಟ್ರೋಲಿನ ತಲೆಯ ಮೇಲೂ ಅದರ ಆಮ್ಲಜನಕವನ್ನು ಹೊರಿಸಿದರೆ ಕಿಲೋಗೆ 12 ಯೂನಿಟ್ ಇದ್ದದ್ದು 2.7ಕ್ಕೆ ಇಳಿಯುತ್ತದೆ. ಇದರಿಂದ ಬ್ಯಾಟರಿಗೇನೂ ಲಾಭವಿಲ್ಲ, ಗಾಳಿ ಪುಕ್ಕಟೆ ಸಿಗುತ್ತಿರುವಾಗ ಪೆಟ್ರೋಲಿಗೆ ಅದರ ಅನುಕೂಲ ಇದ್ದೇ ಇದೆ. ಆದರೆ ಬ್ಯಾಟರಿ ಯಾವತ್ತೋ ಒಂದು ದಿನ ಪೆಟ್ರೋಲಿನ ಸಮಕ್ಕೆ ಬಂದೀತು ಎಂದು ಕಾಯುವವರು ಯಾಕೆ ಸುಮ್ಮನೆ ಕಾಯುತ್ತಿದ್ದಾರೆಂದು ತಿಳಿಯಲು ಈ ಲೆಕ್ಕ ಬೇಕು.

ಒಳಗಿನ ರಸಾಯನವನ್ನು ತುಸು ಇಣುಕಿದರೆ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ತೆಗೆದುಕೊಳ್ಳಿ. ಕೆಲಸ ಮಾಡುವುದು ಲಿಥಿಯಂ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುವ 7 ಗ್ರಾಂ ಲಿಥಿಯಮ್ಮಿಗೆ ಒಂದು ಮನೆಯಾಗಿ 151 ಗ್ರಾಂ ಐರನ್ ಫಾಸ್ಫೇಟೂ, ಇನ್ನೊಂದು ಮನೆಯಾಗಿ 72 ಗ್ರಾಂ ಗ್ರಾಫೈಟೂ ಬೇಕು. ಒಟ್ಟು 230 ಗ್ರಾಂ. ಇಷ್ಟನ್ನೇ ಎಣಿಸಿದರೂ ಕಿಲೋಗೆ 0.38 ಯೂನಿಟ್‌ಗಿಂತ ಹೆಚ್ಚು ಬರುವಂತಿಲ್ಲ. ಅದರ ಮೇಲೆ ತಾಮ್ರ ಮತ್ತು ಅಲ್ಯೂಮಿನಿಯಂ ಹಾಳೆಗಳು, ದ್ರಾವಣ, ಡಬ್ಬಿ, ಮಳೆನೀರು ತಡೆಯುವ ಹೊರಕವಚ ಎಲ್ಲ ಸೇರಿದಾಗ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ನಿಕ್ಕೆಲ್ ಇರುವ ಬ್ಯಾಟರಿಗಳು ಇದಕ್ಕಿಂತ ಸ್ವಲ್ಪ ಮುಂದಿವೆ. ಹೊಸ ಬಗೆಗಳು ಬಂದು ಇವತ್ತಿನ ಎರಡರಷ್ಟಾದರೂ ಪೆಟ್ರೋಲಿನ 12ರ ಹತ್ತಿರ ಸುಳಿಯುವುದಿಲ್ಲ. ಅಂತರ ಕಡಿಮೆಯಾಗಿದ್ದರೆ ಅದು ಬ್ಯಾಟರಿಯೊಳಗೆ ಅಲ್ಲ, ಬ್ಯಾಟರಿಗೂ ಚಕ್ರಕ್ಕೂ ನಡುವೆ.

ಇದನ್ನು ಒಂದು ಸ್ಕೂಟರಿನ ಮೇಲೆ ಲೆಕ್ಕ ಹಾಕಿಯೇ ನೋಡಬೇಕು. ಗಾಡಿ 110 ಕಿಲೋ, ಸವಾರ 70 ಕಿಲೋ ಎಂದುಕೊಳ್ಳಿ. ಕೆಂಗೇರಿ ಕಡೆಯಿಂದ ನಾಯಂಡಹಳ್ಳಿಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಮನಾಗಿ ಬರುತ್ತಿದ್ದಾರೆ. ಟೈರು ರಸ್ತೆಗೆ ಒತ್ತಿ ಉರುಳುವ ತಡೆ ಸುಮಾರು 26 ನ್ಯೂಟನ್, ಎದೆಗೆ ಬಡಿಯುವ ಗಾಳಿಯ ತಡೆ ಸುಮಾರು 44. ಒಟ್ಟು 70 ನ್ಯೂಟನ್. ಏಳು ಕಿಲೋ ತೂಕದ ಚೀಲವನ್ನು ಕೈಯಲ್ಲಿ ತೂಗಿ ಹಿಡಿಯಲು ಎಷ್ಟು ಬಲ ಬೇಕೋ ಅಷ್ಟೇ. ಆ ಬಲವನ್ನು ಒಂದು ಕಿಲೋಮೀಟರ್ ಉದ್ದಕ್ಕೂ ಹಾಕಿದರೆ ಖರ್ಚಾಗುವ ಶಕ್ತಿ 20 ವ್ಯಾಟ್-ಅವರ್, ಅಂದರೆ ಒಂದು ಯೂನಿಟ್ಟಿನ ಐವತ್ತರಲ್ಲಿ ಒಂದು ಪಾಲು. ನಮ್ಮ ರಸ್ತೆಯಲ್ಲಿ ಸಮನಾಗಿ ಬರುವುದು ಕನಸಿನ ಮಾತು. ನಿಂತು ಮತ್ತೆ 40ರ ವೇಗಕ್ಕೆ ಏರುವ ಒಂದೊಂದು ಸಲಕ್ಕೂ ಇನ್ನು 3 ವ್ಯಾಟ್-ಅವರ್ ಸೇರಿಸಬೇಕು. ಕಿಲೋಮೀಟರಿಗೆ ಎರಡು ಸಲ ನಿಂತರೆ ಒಟ್ಟು 26. ಚಕ್ರಕ್ಕೆ ತಲುಪಬೇಕಾದದ್ದು ಇಷ್ಟು. ಇದರಲ್ಲಿ ಪೆಟ್ರೋಲ್ ಗಾಡಿ, ಬ್ಯಾಟರಿ ಗಾಡಿ ಎಂಬ ಭೇದವಿಲ್ಲ. ರಸ್ತೆಗೆ ಎರಡೂ ಒಂದೇ.

ಭೇದ ಬರುವುದು ಎಷ್ಟು ತೆಗೆದುಕೊಂಡು ಇಷ್ಟು ಕೊಟ್ಟಿತು ಎಂಬಲ್ಲಿ. ಊರೊಳಗೆ ಲೀಟರಿಗೆ 45 ಕಿ.ಮೀ. ಕೊಡುವ 110 ಸಿಸಿ ಸ್ಕೂಟರನ್ನು ನೋಡಿ. ಒಂದು ಲೀಟರ್ ಪೆಟ್ರೋಲಿನ ತೂಕ 740 ಗ್ರಾಂ ಹತ್ತಿರ, ಅದರಲ್ಲಿರುವುದು 8.9 ಯೂನಿಟ್. 45ರಿಂದ ಭಾಗಿಸಿದರೆ ಕಿಲೋಮೀಟರಿಗೆ 198 ವ್ಯಾಟ್-ಅವರ್ ಖರ್ಚು. ಚಕ್ರಕ್ಕೆ ಬೇಕಾದದ್ದು 26, ಟ್ಯಾಂಕಿನಿಂದ ಹೊರಟದ್ದು 198. ನೂರಕ್ಕೆ ಹದಿಮೂರು ಮಾತ್ರ ದಾರಿ ಸವೆಸಿತು. ಉಳಿದ ಎಂಬತ್ತೇಳು ಎಲ್ಲಿ ಹೋಯಿತೆಂದು ತಿಳಿಯಲು ಉಪಕರಣ ಬೇಡ. ಜಂಕ್ಷನ್ ದಾಟಿ ಬಂದು ನಿಲ್ಲಿಸಿದ ಪೆಟ್ರೋಲ್ ಸ್ಕೂಟರಿನ ಸೈಲೆನ್ಸರಿಗೆ ಪ್ಯಾಂಟಿನ ಅಂಚು ತಗುಲಿದರೆ ಗೊತ್ತಾಗುತ್ತದೆ. ಬೆಲ್ಟ್ ಕವರಿನ ಹತ್ತಿರ ಅಂಗೈ ಹಿಡಿದರೂ ಬಿಸಿ ಬಡಿಯುತ್ತದೆ.

ಇದು ಇಂಜಿನ್ ಮಾಡಿದವರ ಕೊರತೆಯಲ್ಲ. ಪೆಟ್ರೋಲಿನ ಶಕ್ತಿ ಮೊದಲು ಶಾಖವಾಗಬೇಕು, ಶಾಖದಿಂದ ಅನಿಲ ಹಿಗ್ಗಬೇಕು, ಹಿಗ್ಗಿದ ಅನಿಲ ಪಿಸ್ಟನ್ನನ್ನು ತಳ್ಳಬೇಕು. ಶಾಖವನ್ನು ಕೆಲಸವಾಗಿ ಮಾರ್ಪಡಿಸುವ ಯಾವ ಯಂತ್ರವೂ ಅದರಲ್ಲಿ ಒಂದು ಪಾಲನ್ನು ತಂಪಾದ ಕಡೆಗೆ ಬಿಟ್ಟುಕೊಡದೆ ನಡೆಯುವುದಿಲ್ಲ. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ಈ ಮಿತಿಯನ್ನು ಗುರುತಿಸಿದ್ದ. ಸಿಲಿಂಡರಿನಲ್ಲಿ ಎರಡು ಸಾವಿರ ಡಿಗ್ರಿಯನ್ನೂ ಮೀರುವ ಅನಿಲ ತನ್ನ ಕೆಲಸ ಪೂರ್ತಿ ಮುಗಿಸುವ ಮೊದಲೇ ಹೊರಬಾಗಿಲು ತೆರೆಯುತ್ತದೆ, ಇನ್ನೂ ನೂರಾರು ಡಿಗ್ರಿ ಬಿಸಿಯಾಗಿಯೇ ಸೈಲೆನ್ಸರ್ ಸೇರುತ್ತದೆ. ಅಷ್ಟೇ ದೊಡ್ಡ ಇನ್ನೊಂದು ಪಾಲು ಸಿಲಿಂಡರಿನ ಗೋಡೆಯ ಮೂಲಕ ಗಾಳಿಗೆ. ಒಳ್ಳೆಯ ಸ್ಥಿತಿಯಲ್ಲಿ, ಹದವಾದ ವೇಗದಲ್ಲಿ ಚಿಕ್ಕ ಪೆಟ್ರೋಲ್ ಇಂಜಿನ್ ನೂರಕ್ಕೆ 25ರಿಂದ 30 ಕೊಟ್ಟೀತು. ಆದರೆ ಊರಿನ ಓಡಾಟದಲ್ಲಿ ಅದು ಆ ಹದದಲ್ಲಿ ಇರುವುದೇ ಕಡಿಮೆ. ಅರ್ಧ ಥ್ರಾಟಲ್, ಕಾಲು ಥ್ರಾಟಲ್, ಬ್ರೇಕು, ಮತ್ತೆ ಥ್ರಾಟಲ್. ಸಿಗ್ನಲ್ಲಿನಲ್ಲಿ ನಿಂತಾಗಲಂತೂ ಇಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲೆಂದೇ ಪೆಟ್ರೋಲ್ ಕುಡಿಯುತ್ತದೆ. ಆ ಹೊತ್ತಿನಲ್ಲಿ ಅದರ ಮೈಲೇಜ್ ಸೊನ್ನೆ. ಜೊತೆಗೆ ಗೇರಿಲ್ಲದ ಸ್ಕೂಟರಿನ ರಬ್ಬರ್ ಬೆಲ್ಟ್ ತನ್ನ ಪಾಲು ಕಿತ್ತುಕೊಳ್ಳುತ್ತದೆ.

ಮೋಟಾರಿನಲ್ಲಿ ಶಾಖದ ಆ ಮೆಟ್ಟಿಲೇ ಇಲ್ಲ. ತಾಮ್ರದ ಸುರುಳಿಯಲ್ಲಿ ಹರಿಯುವ ಕರೆಂಟು ಅಯಸ್ಕಾಂತವನ್ನು ನೇರವಾಗಿ ತಳ್ಳುತ್ತದೆ. ನಷ್ಟವಿಲ್ಲವೆಂದಲ್ಲ. ತಾಮ್ರ ಬಿಸಿಯಾಗುತ್ತದೆ, ಕಬ್ಬಿಣದ ಹಾಳೆಗಳು ಬಿಸಿಯಾಗುತ್ತವೆ, ಕಂಟ್ರೋಲರ್ ಬಿಸಿಯಾಗುತ್ತದೆ, ಬ್ಯಾಟರಿಯೂ ಒಳಗೊಳಗೇ ತುಸು ಬಿಸಿಯಾಗುತ್ತದೆ. ಎಲ್ಲ ಕಳೆದರೂ ನೂರಕ್ಕೆ ಎಂಬತ್ತು ಚಕ್ರಕ್ಕೆ ಸಿಗುತ್ತದೆ. ನಿಂತಾಗ ಮೋಟಾರು ಸುಮ್ಮನಿರುತ್ತದೆ. ನಿಧಾನಿಸುವಾಗ ಅದೇ ಮೋಟಾರು ಜನರೇಟರಾಗಿ ಸ್ವಲ್ಪವನ್ನು ಬ್ಯಾಟರಿಗೆ ಮರಳಿಸುತ್ತದೆ. ಸ್ಕೂಟರಿನ ಮಟ್ಟಿಗೆ ಈ ಮರಳಿಕೆಯನ್ನು ಜಾಹೀರಾತುಗಳು ಊದಿ ಹೇಳುತ್ತವೆ. ಖರ್ಚಿನ ದೊಡ್ಡ ಪಾಲು ಗಾಳಿಗೂ ಟೈರಿಗೂ ಹೋಗಿರುತ್ತದೆ, ಅದು ಯಾವ ಬ್ರೇಕಿಗೂ ವಾಪಸ್ ಬರುವುದಿಲ್ಲ.

ಬೆಂಗಳೂರಿನದೇ ಆದ ಏಥರ್ ಕಂಪನಿಯ 450ಎಕ್ಸ್ ಸ್ಕೂಟರಿನ 2022ರ ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬ್ಯಾಟರಿ 3.7 ಯೂನಿಟ್ಟಿನದು, ಆಯುಷ್ಯ ಕಾಪಾಡಲು ಅದರಲ್ಲೊಂದು ಚೂರನ್ನು ಬಳಕೆಗೆ ಬಿಡುವುದಿಲ್ಲ. ಪ್ರಯೋಗಾಲಯದ ಲೆಕ್ಕ ಬಿಟ್ಟು ರಸ್ತೆಯ ಲೆಕ್ಕಕ್ಕೆಂದು ಕಂಪನಿ ಹೇಳಿದ ದೂರ 105 ಕಿ.ಮೀ. ಅಂದರೆ ಕಿಲೋಮೀಟರಿಗೆ 32 ವ್ಯಾಟ್-ಅವರ್ ಹತ್ತಿರ. ಪೆಟ್ರೋಲಿನ 198ರ ಎದುರು 32: ಆರು ಪಟ್ಟು ಕಡಿಮೆ. ಎಂಬತ್ತು ಪಟ್ಟಿನ ಅಂತರ ಇಲ್ಲಿ ಒಂದೇ ಏಟಿಗೆ ಹದಿಮೂರಕ್ಕೆ ಇಳಿಯಿತು.

ಹದಿಮೂರು ಪಟ್ಟು ಕೂಡ ಸಣ್ಣದೇನಲ್ಲ. ಆದರೂ ಇನ್ನೊಂದು ಲೆಕ್ಕ ಬಾಕಿ ಇದೆ. ಕಿಲೋಗೆ ಎಷ್ಟು ಶಕ್ತಿ ಎಂದು ಹೋಲಿಸುವವರು ಅದನ್ನು ಬಳಸುವ ಯಂತ್ರದ ಕಿಲೋಗಳನ್ನು ಮರೆತುಬಿಡುತ್ತಾರೆ. ಗ್ಯಾರೇಜಿನಲ್ಲಿ ಪೆಟ್ರೋಲ್ ಸ್ಕೂಟರಿನ ಇಂಜಿನ್ ಇಳಿಸುವುದನ್ನು ನೋಡಿದವರಿಗೆ ಗೊತ್ತು, ಸಿಲಿಂಡರು, ಕ್ರ್ಯಾಂಕ್, ಬೆಲ್ಟಿನ ಪೆಟ್ಟಿಗೆ ಎಲ್ಲ ಒಂದೇ ಗಡ್ಡೆಯಾಗಿ ಕೆಳಗೆ ಬರುತ್ತದೆ, ಎತ್ತಿಡಲು ಇನ್ನೊಬ್ಬರ ಕೈ ಬೇಕಾಗುತ್ತದೆ. ಸೈಲೆನ್ಸರ್, ಏರ್ ಫಿಲ್ಟರ್, ಟ್ಯಾಂಕು ಸೇರಿದರೆ ಹೆಚ್ಚುಕಡಿಮೆ 30 ಕಿಲೋ. ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರು ಮತ್ತು ಕಂಟ್ರೋಲರ್ ಸೇರಿ ಅದರ ಅರ್ಧವೂ ಇರುವುದಿಲ್ಲ. ಪೆಟ್ರೋಲ್ ಹಗುರ, ಅದನ್ನು ಉರಿಸುವ ಯಂತ್ರ ಭಾರ. ಬ್ಯಾಟರಿ ಭಾರ, ಅದನ್ನು ಬಳಸುವ ಯಂತ್ರ ಹಗುರ. ಇಂಜಿನಿನ ತೂಕವೋ, ಹತ್ತು ಕಿಲೋಮೀಟರ್ ಹೋದರೂ ಇನ್ನೂರು ಹೋದರೂ ಅಷ್ಟೇ. ಶಕ್ತಿಯ ತೂಕ ದೂರದ ಜೊತೆ ಬೆಳೆಯುತ್ತದೆ.

ಆದ್ದರಿಂದ ಇಡೀ ವಾದ ದೂರದ ಮೇಲೆ ನಿಂತಿದೆ. ಪೆಟ್ರೋಲ್ ಸ್ಕೂಟರಿಗೆ ನೂರು ಕಿಲೋಮೀಟರಿಗೆ ಬೇಕಾದ ಇಂಧನ 1.6 ಕಿಲೋ. ಬ್ಯಾಟರಿಯಾದರೆ ಸುಮಾರು 23 ಕಿಲೋ. ವ್ಯತ್ಯಾಸ 21 ಕಿಲೋ. ಅತ್ತ ಇಂಜಿನ್ ತೆಗೆದು ಮೋಟಾರು ಹಾಕಿದ್ದಕ್ಕೆ ಉಳಿದದ್ದು ಹದಿನೆಂಟೋ ಇಪ್ಪತ್ತೋ ಕಿಲೋ. ಎಂಬತ್ತೈದು, ತೊಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ತಕ್ಕಡಿ ಸಮವಾಗುತ್ತದೆ. ಅದಕ್ಕಿಂತ ಕಡಿಮೆ ದೂರಕ್ಕೆಂದೇ ಕಟ್ಟಿದ ಸ್ಕೂಟರಾದರೆ ಬ್ಯಾಟರಿಯದೇ ಹಗುರ, ಅದಕ್ಕಿಂತ ಹೆಚ್ಚಾದರೆ ಪೆಟ್ರೋಲಿನದು ಹಗುರ. ಇದು ನನ್ನ ಅಂದಾಜಿನ ಲೆಕ್ಕವೇ ಹೌದು, ಆದರೆ ಪರೀಕ್ಷಿಸಬಹುದು. ಮೇಲಿನ ಏಥರ್ ಗಾಡಿಯ ತೂಕ 111.6 ಕಿಲೋ. 5.3 ಲೀಟರ್ ಟ್ಯಾಂಕಿರುವ ಹೋಂಡಾ ಆಕ್ಟಿವಾ 6ಜಿ ಸುಮಾರು 106 ಕಿಲೋ. ಎಂಬತ್ತು ಪಟ್ಟಿನ ಅಂತರ ಗಾಡಿಯ ತೂಕಕ್ಕೆ ಬಂದಾಗ ಐದಾರು ಕಿಲೋ ಆಗಿ ಉಳಿದಿದೆ. ಬಾಕಿ ಅಂತರ ಕಾಣುವುದು ಎಷ್ಟು ದೂರ ಓಡುತ್ತದೆ ಎಂಬುದರಲ್ಲಿ: ಟ್ಯಾಂಕ್ ತುಂಬಿಸಿದರೆ 240 ಕಿ.ಮೀ., ಚಾರ್ಜ್ ತುಂಬಿಸಿದರೆ 105. ಎರಡೂಕಾಲು ಪಟ್ಟು. ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ, ನಾಯಂಡಹಳ್ಳಿಯಿಂದ ಪೀಣ್ಯಕ್ಕೆ ದಿನಾ ಹೋಗಿ ಬರುವವರ ಮೂವತ್ತು ನಲವತ್ತು ಕಿಲೋಮೀಟರಿಗೆ ಈ ಎರಡೂಕಾಲು ಪಟ್ಟೂ ಲೆಕ್ಕಕ್ಕೆ ಬರುವುದಿಲ್ಲ.

ಮೋಟಾರು ಒಂದೇ ಸಾಕಿತ್ತೇ? ಸಾಕಿರಲಿಲ್ಲ. ಅದಕ್ಕೂ ಸಾಕ್ಷಿ ಬೆಂಗಳೂರಿನಲ್ಲೇ ಇದೆ. ಚೇತನ್ ಮೈನಿಯವರ ರೇವಾ ಕಾರು 2001ರಲ್ಲಿ ಇಲ್ಲಿಯೇ ರಸ್ತೆಗಿಳಿಯಿತು. ಎಂಟು ಲೆಡ್-ಆಸಿಡ್ ಬ್ಯಾಟರಿ, ಒಂದೊಂದೂ 6 ವೋಲ್ಟಿನದು, 200 ಆಂಪಿಯರ್-ಅವರ್. ಗುಣಿಸಿದರೆ 9.6 ಯೂನಿಟ್, ತೂಕ ಕಾಲು ಟನ್ನಿಗೂ ಮೇಲೆ. ಒಂದು ಚಾರ್ಜಿಗೆ 80 ಕಿ.ಮೀ. ಎನ್ನುತ್ತಿದ್ದರು; ಅಂದರೆ ಕಿಲೋಮೀಟರಿಗೆ 120 ವ್ಯಾಟ್-ಅವರ್, ಸಣ್ಣ ಪೆಟ್ರೋಲ್ ಕಾರು ಕುಡಿಯುವುದರ ನಾಲ್ಕನೇ ಒಂದು ಪಾಲು. ರೇವಾದ ಮೋಟಾರು ಅಂದೂ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಸೀಸದ ಬ್ಯಾಟರಿ ಕಿಲೋಗೆ ಕೊಡುತ್ತಿದ್ದದ್ದು ಬರೀ 0.035 ಯೂನಿಟ್. ಪೆಟ್ರೋಲಿಗೂ ಅದಕ್ಕೂ ಮುನ್ನೂರು ಪಟ್ಟನ್ನೂ ಮೀರಿದ ಅಂತರ. ಮೋಟಾರು ಅದನ್ನು ನಾಲ್ಕರಿಂದ ಭಾಗಿಸಿದರೂ ಉಳಿದದ್ದು ಎಂಬತ್ತೈದು ಪಟ್ಟು. ಅದೇ 9.6 ಯೂನಿಟ್ ಇವತ್ತಿನ ಲಿಥಿಯಂ ಪ್ಯಾಕಿನಲ್ಲಿ 65 ಕಿಲೋದೊಳಗೆ ಕೂರುತ್ತದೆ. ರೇವಾ ಬೇಗ ಬಂದ ಕಾರು ಎಂದು ಹೇಳುವುದುಂಟು. ಭಾರದ ಬ್ಯಾಟರಿಯ ಕಾಲದಲ್ಲಿ ಬಂದ ಕಾರು ಎಂದರೆ ಇನ್ನೂ ಸರಿ.

ಇಷ್ಟು ಹೇಳಿ ನಿಲ್ಲಿಸಿದರೆ ಬ್ಯಾಟರಿಯ ಪರ ವಕೀಲಿಕೆ ಆದೀತು. ಅದೇ ನಾಯಂಡಹಳ್ಳಿಯ ಮೇಲೆ ಮೈಸೂರಿಗೆ ಹೋಗುವ ಬಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆಎಸ್‌ಆರ್‌ಟಿಸಿ 2023ರ ಜನವರಿಯಲ್ಲಿ ಬೆಂಗಳೂರು-ಮೈಸೂರು ನಡುವೆ ‘ಇವಿ ಪವರ್ ಪ್ಲಸ್’ ಎಂಬ ಎಲೆಕ್ಟ್ರಿಕ್ ಬಸ್ಸು ಓಡಿಸಲು ಶುರು ಮಾಡಿತು. ಹೋಗಿ ಬರಲು ಸುಮಾರು 290 ಕಿ.ಮೀ. ಇಂಥ ದೊಡ್ಡ ಎ.ಸಿ. ಬಸ್ಸು ಲೀಟರಿಗೆ ನಾಲ್ಕು ಕಿ.ಮೀ. ಕೊಟ್ಟರೆ ಎಪ್ಪತ್ತು ಲೀಟರಿನಷ್ಟು ಡೀಸೆಲ್, ತೂಕ 60 ಕಿಲೋ, ಶಕ್ತಿ 700 ಯೂನಿಟ್. ಮೋಟಾರಿನ ಬಸ್ಸು ಕಿಲೋಮೀಟರಿಗೆ 1.1 ಯೂನಿಟ್ ತಿಂದರೂ ಒಟ್ಟು 320 ಯೂನಿಟ್. ಇಲ್ಲಿ ಆರು ಪಟ್ಟಿನ ಉಳಿತಾಯವಿಲ್ಲ, ಎರಡೂಕಾಲು ಪಟ್ಟು ಅಷ್ಟೇ. ಕಾರಣ ಸರಳ: ದೊಡ್ಡ ಡೀಸೆಲ್ ಇಂಜಿನ್ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ನೂರಕ್ಕೆ ನಲವತ್ತರ ಹತ್ತಿರ ಕೊಡುತ್ತದೆ. ಮೋಟಾರಿಗೆ ಸ್ಕೂಟರಿನಲ್ಲಿ ಸಿಕ್ಕ ಗೆಲುವು ಅರ್ಧ ತನ್ನ ಗುಣದಿಂದ ಬಂದದ್ದು, ಅರ್ಧ ಎದುರಾಳಿಯ ದೌರ್ಬಲ್ಯದಿಂದ. 320 ಯೂನಿಟ್ಟಿಗೆ ಎರಡು ಟನ್ನಿಗೂ ಮೀರಿದ ಬ್ಯಾಟರಿ ಬೇಕು. ಇಂಜಿನ್, ಗೇರ್‌ಬಾಕ್ಸ್ ತೆಗೆದದ್ದನ್ನು ಕಳೆದರೂ ಒಂದು ಟನ್ನಿಗಿಂತ ಹೆಚ್ಚು ಹೊರೆ ಉಳಿಯುತ್ತದೆ. ಹದಿನೈದು ಪ್ರಯಾಣಿಕರ ತೂಕ ಅದು. ಮೈಸೂರಿನಲ್ಲೂ ಒಂದು ಚಾರ್ಜರ್ ಇಟ್ಟು ಒಂದು ಕಡೆಯ ದೂರಕ್ಕೆ ಮಾತ್ರ ಬ್ಯಾಟರಿ ಹೊರಿಸಿದರೆ ಈ ಹೊರೆ ಕರಗುತ್ತದೆ, ಬದಲಿಗೆ ಬಸ್ಸು ಅಲ್ಲಿ ನಿಂತಿರಬೇಕು. ತೂಕ ಕಡಿಮೆ ಮಾಡಿದಷ್ಟೂ ಸಮಯ ಕೊಡಬೇಕು, ಇದರಿಂದ ಪಾರಾಗುವ ದಾರಿ ಇಲ್ಲ. ಪೆಟ್ರೋಲ್ ಬಂಕಿನ ನಳಿಕೆ ನಿಮಿಷಕ್ಕೆ 30 ಲೀಟರ್ ಬಿಟ್ಟರೆ ಅದು 16 ಮೆಗಾವ್ಯಾಟಿಗೆ ಸಮ. ಮನೆಯ ಪ್ಲಗ್ಗಿನಲ್ಲಿ ಸ್ಕೂಟರ್ ಎಳೆಯುವುದು ಒಂದು ಕಿಲೋವ್ಯಾಟಿಗಿಂತ ಕಡಿಮೆ.

ಇನ್ನೊಂದು ಆಕ್ಷೇಪ ಬಂದೇ ಬರುತ್ತದೆ. ಕರೆಂಟು ರಾಯಚೂರಿನ ಕಲ್ಲಿದ್ದಲಿನಿಂದಲ್ಲವೇ, ಅಲ್ಲಿಯೂ ಶಾಖದ ನಷ್ಟ ಇಲ್ಲವೇ ಎಂದು. ಇದೆ. ಉಷ್ಣ ಸ್ಥಾವರ ನೂರಕ್ಕೆ ಮೂವತ್ತೈದು ಕೊಟ್ಟರೆ, ತಂತಿಯಲ್ಲಿ, ಚಾರ್ಜರಿನಲ್ಲಿ, ಗಾಡಿಯಲ್ಲಿ ಕಳೆದು ಚಕ್ರಕ್ಕೆ ಇಪ್ಪತ್ತರ ಸುಮಾರು ತಲುಪುತ್ತದೆ. ಸ್ಕೂಟರಿನ ಹದಿಮೂರಕ್ಕಿಂತ ಇದು ಮೇಲು, ಹೈವೇ ಬಸ್ಸಿನ ಡೀಸೆಲ್ಲಿಗಿಂತ ಕೀಳು. ಪಾವಗಡದ ಸೋಲಾರ್, ಶರಾವತಿಯ ನೀರು ಸೇರಿದಷ್ಟೂ ಲೆಕ್ಕ ಸುಧಾರಿಸುತ್ತದೆ. ಆದರೆ ಅದು ಇಂಧನದ ಪ್ರಶ್ನೆ, ಹೊಗೆಯ ಪ್ರಶ್ನೆ. ತೂಕದ ಪ್ರಶ್ನೆಯಲ್ಲಿ ರಾಯಚೂರಿನ ಬಾಯ್ಲರನ್ನು ಸ್ಕೂಟರ್ ಹೊರುವುದಿಲ್ಲ ಎಂಬುದಷ್ಟೇ ಮುಖ್ಯ.

ಶಕ್ತಿಯನ್ನು ಹೊರಲೇಬೇಕೇ ಎಂದು ಕೇಳಿದರೆ ಉತ್ತರ ಜಂಕ್ಷನ್ನಿನ ತಲೆಯ ಮೇಲೆಯೇ ಓಡುತ್ತಿದೆ. 2021ರ ಆಗಸ್ಟಿನಲ್ಲಿ ಕೆಂಗೇರಿವರೆಗೆ ಬಂದ ಮೆಟ್ರೊ ರೈಲು ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಎಳೆದುಕೊಂಡು ಓಡುತ್ತದೆ. ಓಡಾಟಕ್ಕೆ ಬೇಕಾದ ಶಕ್ತಿಯ ಒಂದು ಕಿಲೋವನ್ನೂ ಅದು ಹೊತ್ತಿಲ್ಲ, ಪೆಟ್ರೋಲಿನ 12 ಯೂನಿಟ್ಟಿನ ಹಿರಿಮೆ ಅಲ್ಲಿ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಹಿಂದೆಯೇ ಇರುವ ಮೈಸೂರು ರೈಲು ಮಾರ್ಗದಲ್ಲಿ 25,000 ವೋಲ್ಟಿನ ತಂತಿ ಇದೆ. ಬಸ್ಸಿಗೆ ಎರಡು ಟನ್ ಬ್ಯಾಟರಿ ಹೊರಿಸುವ ಮೊದಲು, ಅದೇ ಊರಿಗೆ ತಂತಿಯ ಕೆಳಗೆ ಹೋಗುವ ರೈಲಿನ ಸಂಖ್ಯೆ ಹೆಚ್ಚಿಸುವುದು ಎಂಜಿನಿಯರಿಂಗ್ ದೃಷ್ಟಿಯಿಂದ ಜಾಣತನ ಎಂಬುದು ನನ್ನ ಅಭಿಪ್ರಾಯ.

ಗಾಡಿ ಕೊಳ್ಳಲು ಹೊರಟವರು ಎಂಬತ್ತು ಪಟ್ಟಿನ ಮಾತಿಗೆ ಹೆದರುವುದೂ ಬೇಡ, ಶೋರೂಮಿನ ರೇಂಜಿನ ಮಾತಿಗೆ ಮರುಳಾಗುವುದೂ ಬೇಡ. ಈಗಿರುವ ಗಾಡಿಯ ಮೈಲೇಜಿನಿಂದ 8,900ನ್ನು ಭಾಗಿಸಿ, ಕಿಲೋಮೀಟರಿಗೆ ಎಷ್ಟು ವ್ಯಾಟ್-ಅವರ್ ಖರ್ಚೆಂದು ತಿಳಿಯುತ್ತದೆ. ಎಲೆಕ್ಟ್ರಿಕ್ ಗಾಡಿಯನ್ನು ಓಡಿಸಿ ನೋಡುವಾಗ ಡ್ಯಾಶ್‌ಬೋರ್ಡಿನಲ್ಲಿ ಅದೇ ಅಂಕಿಯನ್ನು ಗಮನಿಸಿ. ಇಬ್ಬರು ಕೂತು ಅರವತ್ತರ ವೇಗದಲ್ಲಿ ಓಡಿಸಿದಾಗ 32 ಇದ್ದದ್ದು 45ಕ್ಕೆ ಏರಿದರೆ ಗಾಡಿ ಕೆಟ್ಟಿದೆಯೆಂದಲ್ಲ, ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಬ್ಯಾಟರಿಯಲ್ಲಿ ಬಳಕೆಗೆ ಸಿಗುವ ಯೂನಿಟ್ಟನ್ನು ಆ ದೊಡ್ಡ ಅಂಕಿಯಿಂದಲೇ ಭಾಗಿಸಿ, ವರ್ಷಗಳು ಕಳೆದಂತೆ ಬ್ಯಾಟರಿ ಸೊರಗುವುದಕ್ಕೆ ಐದನೇ ಒಂದು ಪಾಲು ತೆಗೆದಿಡಿ. 3.7 ಯೂನಿಟ್ಟಿನ ಗಾಡಿಗೆ ಆಗ ಉಳಿಯುವುದು ಸುಮಾರು 60 ಕಿ.ಮೀ. ನಿಮ್ಮ ಅತಿ ಉದ್ದದ ಮಾಮೂಲಿ ದಿನ ಅದರೊಳಗೆ ಮುಗಿಯುವುದಾದರೆ ಬ್ಯಾಟರಿ ಗಾಡಿ ತೆಗೆದುಕೊಳ್ಳಿ. ವಾರಕ್ಕೆರಡು ಸಲ ಸ್ಕೂಟರಿನಲ್ಲೇ ಮಂಡ್ಯಕ್ಕೆ ಹೋಗಿಬರುವವರು ನೀವಾದರೆ ಸದ್ಯಕ್ಕೆ ಪೆಟ್ರೋಲೇ ಸರಿ.